ಆರುನೂರು ಎಲ್ಬೋ ಮತ್ತು ಸಾಲಿನ ತಾಳೆ

ಮಾರ್ಚ್ ತಿಂಗಳ ಕೊನೆಯ ವಾರ. ದಾವಣಗೆರೆಯ ನಮ್ಮ ತೆರಿಗೆ ಸಲಹೆಯ ಕಚೇರಿಗೆ ಹಾರ್ಡ್‌ವೇರ್ ಅಂಗಡಿಯ ಸಾಹುಕಾರರೊಬ್ಬರು ಬಂದರು. ವರ್ಷದ ಕೊನೆಗೆ ಅಂಗಡಿಯ ಮಾಲೆಲ್ಲ ಎಣಿಸಿ ಮುಗಿಸಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ ಮಾತು ತೆಗೆದರು.

"ಸಾರ್, ಎರಡಿಂಚಿನ ಎಲ್ಬೋ ಆರುನೂರು ಕಮ್ಮಿ ಬರ್ತಾವೆ. ಕಂಪ್ಯೂಟರ್‌ನಲ್ಲಿ ಐತೆ, ರ‍್ಯಾಕಿನಾಗೆ ಇಲ್ಲ. ಹುಡುಗನ್ನ ಕೇಳಿದ್ರೆ ನಂಗೊತ್ತಿಲ್ಲ ಅಂತಾನೆ."

ಆ ಹುಡುಗ ಅವರ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಇದ್ದವನು. ಎಲ್ಬೋ ಒಂದಕ್ಕೆ ವಟ್ಟ ಕಳೆದು 38 ರೂಪಾಯಿ 25 ಪೈಸೆ ಬೀಳುತ್ತಿತ್ತು. ಆರುನೂರಕ್ಕೆ ಲೆಕ್ಕ ಹಾಕಿದರೆ 22,950 ರೂಪಾಯಿ. ಸಾಹುಕಾರರ ಮಾತಿನಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು.

ಅವರ ಖರೀದಿ ಬಿಲ್ಲುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವುದು ನಮ್ಮ ಕಚೇರಿಯ ಕೆಲಸ. ಚಿತ್ರದಲ್ಲಿರುವ ಅಕ್ಷರ, ಅಂಕಿಗಳನ್ನು ಗುರುತಿಸುವ ತಂತ್ರಾಂಶ ಬಿಲ್ಲಿನ ಸಾಲುಗಳನ್ನು ಓದಿ ಹಾಳೆಗೆ ತುಂಬುತ್ತದೆ. ಇದನ್ನು ನಾವು ಓಸಿಆರ್ ಎನ್ನುತ್ತೇವೆ. ನವೆಂಬರ್ ತಿಂಗಳ ಕಡತ ತೆಗೆದು ಎಲ್ಬೋ ಬಂದ ಬಿಲ್ಲನ್ನು ಹುಡುಕಿದೆವು. ಕಾಗದದಲ್ಲಿ 120 ಎಂದಿತ್ತು. ನಮ್ಮ ಹಾಳೆಯಲ್ಲಿ 720 ಎಂದಿತ್ತು. ಮಸಿ ಹರಡಿದ ಒಂದನ್ನು ಯಂತ್ರ ಏಳು ಎಂದು ಓದಿತ್ತು. ಬಂದೇ ಇರದ ಆರುನೂರು ಎಲ್ಬೋಗಳು ನಾಲ್ಕು ತಿಂಗಳು ಲೆಕ್ಕದಲ್ಲಿ ಕೂತಿದ್ದವು.

ಆ ತಪ್ಪನ್ನು ಹಿಡಿಯಲು ಕಾಗದವನ್ನು ನೋಡುವ ಅಗತ್ಯವೂ ಇರಲಿಲ್ಲ. ಅದೇ ಸಾಲಿನ ಉಳಿದ ಅಂಕಿಗಳು 120 ಎಂದು ಸಾರುತ್ತಿದ್ದವು. ಅವನ್ನು ಗುಣಿಸಿ ನೋಡಿದವರಿರಲಿಲ್ಲ, ಅಷ್ಟೆ. ಜಿಎಸ್‌ಟಿ ಬಿಲ್ಲಿನ ಪ್ರತಿ ಸಾಲೂ ತನ್ನ ತಪ್ಪನ್ನು ತಾನೇ ತೋರಿಸಬಲ್ಲದು. ಬಹಳ ಸಲ ಯಾವ ಅಂಕಿ ತಪ್ಪು, ಸರಿಯಾದದ್ದು ಎಷ್ಟು ಎಂಬುದನ್ನೂ ಹೇಳಬಲ್ಲದು. ಅದು ಹೇಗೆ ಎಂಬುದನ್ನು ಆ ಒಂದೇ ಬಿಲ್ಲನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಒಂದು ಸಾಲು, ಮೂರು ತಾಳೆ

ಜಿಎಸ್‌ಟಿ ನಿಯಮಗಳಲ್ಲಿ 46ನೆಯದು ಬಿಲ್ಲಿನಲ್ಲಿ ಏನೇನು ಇರಬೇಕು ಎಂದು ಹೇಳುತ್ತದೆ. ಸರಕಿನ ವಿವರ, ಪ್ರಮಾಣ, ವಟ್ಟ ಕಳೆದ ಮೇಲಿನ ತೆರಿಗೆಗೊಳಪಡುವ ಮೌಲ್ಯ, ತೆರಿಗೆಯ ದರ, ತೆರಿಗೆಯ ಮೊತ್ತ ಇವೆಲ್ಲ ಅದರಲ್ಲಿ ಸೇರಿವೆ. ತೆರಿಗೆಗೊಳಪಡುವ ಮೌಲ್ಯವನ್ನು ಲೆಕ್ಕ ಬರೆಯುವವರು 'ಟ್ಯಾಕ್ಸಬಲ್' ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಈ ಅಂಕಿಗಳು ಒಂದಕ್ಕೊಂದು ಕಟ್ಟುಬಿದ್ದಿವೆ. ಪ್ರಮಾಣವನ್ನು ಬೆಲೆಯಿಂದ ಗುಣಿಸಿ ವಟ್ಟ ಕಳೆದರೆ ಟ್ಯಾಕ್ಸಬಲ್ ಬರಬೇಕು. ಇದು ಮೊದಲ ತಾಳೆ. ಟ್ಯಾಕ್ಸಬಲ್‌ಗೆ ತೆರಿಗೆಯ ದರ ಹಾಕಿದರೆ ತೆರಿಗೆಯ ಮೊತ್ತ ಬರಬೇಕು, ಇದು ಎರಡನೆಯದು. ಟ್ಯಾಕ್ಸಬಲ್‌ಗೆ ತೆರಿಗೆ ಕೂಡಿಸಿದರೆ ಸಾಲಿನ ಒಟ್ಟು ಬರಬೇಕು, ಇದು ಮೂರನೆಯದು.

ರಾಜ್ಯದೊಳಗಿನ ವ್ಯಾಪಾರವಾದರೆ ತೆರಿಗೆ ಎರಡು ಪಾಲಾಗಿರುತ್ತದೆ. ಅರ್ಧ ಕೇಂದ್ರದ ಸಿಜಿಎಸ್‌ಟಿ, ಅರ್ಧ ರಾಜ್ಯದ ಎಸ್‌ಜಿಎಸ್‌ಟಿ. ಎರಡೂ ಸಮ ಇರಬೇಕಾದ್ದರಿಂದ ಅದೇ ಒಂದು ಪುಟ್ಟ ತಾಳೆ. ಹೊರರಾಜ್ಯದಿಂದ ಬಂದ ಮಾಲಿಗೆ ಐಜಿಎಸ್‌ಟಿ ಎಂಬ ಒಂದೇ ಕಾಲಂ ಇರುತ್ತದೆ.

ನಮ್ಮ ಬಿಲ್ಲಿನಲ್ಲಿ ಮೂರು ಸಾಲುಗಳಿದ್ದವು. ಮೊದಲನೆಯದು ಪಿವಿಸಿ ಪೈಪು: 36 ಪೈಪು, ಒಂದಕ್ಕೆ 385 ರೂಪಾಯಿ, ಟ್ಯಾಕ್ಸಬಲ್ 13,860, ಶೇ 18ರಂತೆ ತೆರಿಗೆ 2,494.80, ಒಟ್ಟು 16,354.80. ಎರಡನೆಯದು ಎಲ್ಬೋ: 120 ನಗ, ಒಂದಕ್ಕೆ 42.50, ಶೇ 10 ವಟ್ಟ, ಟ್ಯಾಕ್ಸಬಲ್ 4,590, ಶೇ 18ರಂತೆ ತೆರಿಗೆ 826.20, ಒಟ್ಟು 5,416.20. ಮೂರನೆಯದು ತುಂತುರು ನೀರಾವರಿಯ ಸ್ಪ್ರಿಂಕ್ಲರ್: 40 ನಗ, ಒಂದಕ್ಕೆ 115, ಟ್ಯಾಕ್ಸಬಲ್ 4,600, ಶೇ 5ರಂತೆ ತೆರಿಗೆ 230, ಒಟ್ಟು 4,830. ಬಿಲ್ಲಿನ ಅಡಿಯಲ್ಲಿ ಒಟ್ಟು 26,601 ರೂಪಾಯಿ.

ಯಂತ್ರ ಮೂರು ಸಾಲಿನಲ್ಲೂ ಒಂದೊಂದು ಅಂಕಿಯನ್ನು ತಪ್ಪಾಗಿ ಓದಿತ್ತು. ಮೊದಲ ಮತ್ತು ಮೂರನೆಯ ಸಾಲಿನ ತಪ್ಪುಗಳು ಅಂದೇ ಸಿಕ್ಕಿದ್ದವು. ಎಲ್ಬೋ ತಪ್ಪು ಮಾತ್ರ ದಾಟಿಹೋಯಿತು. ಯಾಕೆ ಎಂಬುದು ಆ ಮೂರು ತಾಳೆಗಳಲ್ಲೇ ಇದೆ.

ಯಾವ ಕೊಂಡಿ ಕಳಚಿತು?

ಪೈಪಿನ ಸಾಲಿನಲ್ಲಿ ಟ್ಯಾಕ್ಸಬಲ್ 13,860 ಇದ್ದದ್ದನ್ನು ಯಂತ್ರ 13,360 ಎಂದು ಓದಿತ್ತು. ಎಂಟು ಮೂರಾಗಿತ್ತು. ಈಗ ತಾಳೆ ನೋಡೋಣ. 36ನ್ನು 385ರಿಂದ ಗುಣಿಸಿದರೆ 13,860. ಓದಿದ್ದಕ್ಕಿಂತ 500 ಹೆಚ್ಚು. 13,360ಕ್ಕೆ ಶೇ 18 ಹಾಕಿದರೆ 2,404.80, ಬಿಲ್ಲಿನ ತೆರಿಗೆಗಿಂತ 90 ಕಡಿಮೆ. 13,360ಕ್ಕೆ 2,494.80 ಕೂಡಿಸಿದರೆ 15,854.80, ಬಿಲ್ಲಿನ ಒಟ್ಟಿಗಿಂತ 500 ಕಡಿಮೆ. ಮೂರು ತಾಳೆಗಳೂ ತಪ್ಪಿದವು.

ಮೂರರಲ್ಲೂ ಇರುವ ಅಂಕಿ ಒಂದೇ, ಟ್ಯಾಕ್ಸಬಲ್. ಮೂರೂ ಒಟ್ಟಿಗೆ ತಪ್ಪಿದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಅನುಮಾನವನ್ನು ಗಟ್ಟಿ ಮಾಡಿಕೊಳ್ಳುವ ದಾರಿಯೂ ಸಾಲಿನಲ್ಲೇ ಇದೆ. ಪ್ರಮಾಣ ಮತ್ತು ಬೆಲೆಯಿಂದ ಟ್ಯಾಕ್ಸಬಲ್ 13,860 ಬರುತ್ತದೆ. ತೆರಿಗೆಯನ್ನು 18ರಿಂದ ಭಾಗಿಸಿ ನೂರರಿಂದ ಗುಣಿಸಿದರೂ 13,860. ಒಟ್ಟಿನಿಂದ ತೆರಿಗೆ ಕಳೆದರೂ 13,860. ಮೂರು ಬೇರೆ ಬೇರೆ ದಾರಿಗಳು ಒಂದೇ ಅಂಕಿಗೆ ಬಂದು ಸೇರಿದರೆ ಅದನ್ನು ನಂಬಬಹುದು. ಎರಡನೆಯ ತಾಳೆಯ ವ್ಯತ್ಯಾಸವೂ ಅದನ್ನೇ ಹೇಳುತ್ತದೆ: 90 ಎಂದರೆ 500ರ ಶೇ 18.

ಸ್ಪ್ರಿಂಕ್ಲರ್ ಸಾಲಿನ ತಪ್ಪು ಬೇರೆ ಬಗೆಯದು. ಅಲ್ಲಿ ಸಿಜಿಎಸ್‌ಟಿ ದರ 2.5 ಎಂದು ಅಚ್ಚಾಗಿತ್ತು. ಚುಕ್ಕೆ ಮಾಸಿ ಯಂತ್ರ ಅದನ್ನು 25 ಎಂದು ಓದಿತ್ತು. 40ನ್ನು 115ರಿಂದ ಗುಣಿಸಿದರೆ 4,600, ಮೊದಲ ತಾಳೆ ಸರಿ. 4,600ಕ್ಕೆ 230 ಕೂಡಿಸಿದರೆ 4,830, ಮೂರನೆಯದೂ ಸರಿ. ಎರಡನೆಯದು ಮಾತ್ರ ತಪ್ಪಿತು. ತೆರಿಗೆಯ ದರ ಬರುವುದು ಎರಡನೆಯ ತಾಳೆಯಲ್ಲಿ ಮಾತ್ರ, ಹಾಗಾಗಿ ಅನುಮಾನ ದರದ ಮೇಲೆ. ಸಿಜಿಎಸ್‌ಟಿ ಮೊತ್ತ 115ನ್ನು 4,600ರಿಂದ ಭಾಗಿಸಿದರೆ ನಿಜವಾದ ದರ ಸಿಗುತ್ತದೆ, ಶೇ 2.5.

ದರದ ವಿಷಯದಲ್ಲಿ ಒಂದು ಅನುಕೂಲವಿದೆ. ಬೆಲೆ, ಪ್ರಮಾಣಗಳು ಎಷ್ಟಾದರೂ ಇರಬಹುದು. ತೆರಿಗೆಯ ದರಗಳು ಮಾತ್ರ ಬೆರಳೆಣಿಕೆಯಷ್ಟು. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಸರಕುಗಳು ಶೇ 5 ಅಥವಾ ಶೇ 18ರಲ್ಲಿ ಬರುತ್ತವೆ. ಕೆಲವಕ್ಕೆ ತೆರಿಗೆ ಇಲ್ಲ, ಕೆಲವಕ್ಕೆ ಶೇ 40, ಚಿನ್ನಕ್ಕೆ ಶೇ 3. ತೆರಿಗೆಯ ಮೊತ್ತವನ್ನು ಟ್ಯಾಕ್ಸಬಲ್‌ನಿಂದ ಭಾಗಿಸಿದಾಗ ಬಂದ ದರ ಈ ಪಟ್ಟಿಯ ಯಾವುದಕ್ಕೂ ಹೊಂದದೆ ಶೇ 18.67 ಎಂದೋ ಶೇ 4.3 ಎಂದೋ ಬಂದರೆ, ಓದಿದ್ದರಲ್ಲಿ ಎಲ್ಲೋ ಎಡವಟ್ಟಾಗಿದೆ. ಪೈಪಿನ ಸಾಲಿನಲ್ಲೂ ಹೀಗೆ ಆಗಿತ್ತು: 2,494.80ನ್ನು 13,360ರಿಂದ ಭಾಗಿಸಿದರೆ ಬರುವುದು ಶೇ 18.67.

ಇನ್ನುಳಿದ ಸಂಗತಿಗಳನ್ನು ಊಹಿಸುವುದು ಕಷ್ಟವಲ್ಲ. ತೆರಿಗೆಯ ಮೊತ್ತ ತಪ್ಪಿದ್ದರೆ ಎರಡನೆಯ ಮತ್ತು ಮೂರನೆಯ ತಾಳೆಗಳು ಕೆಡುತ್ತವೆ, ಮೊದಲನೆಯದು ಉಳಿಯುತ್ತದೆ. ಸಾಲಿನ ಒಟ್ಟು ತಪ್ಪಿದ್ದರೆ ಮೂರನೆಯದು ಮಾತ್ರ ಕೆಡುತ್ತದೆ. ಪ್ರಮಾಣ, ಬೆಲೆ ಅಥವಾ ವಟ್ಟ ತಪ್ಪಿದ್ದರೆ ಮೊದಲನೆಯದು ಮಾತ್ರ ಕೆಡುತ್ತದೆ. ಮೊದಲ ಎರಡು ಕೆಟ್ಟು ಮೂರನೆಯದು ಸರಿ ಬಂದರೆ ಒಂದಕ್ಕಿಂತ ಹೆಚ್ಚು ಅಂಕಿ ತಪ್ಪಿದೆ ಎಂದರ್ಥ. ಆಗ ಲೆಕ್ಕದಲ್ಲಿ ತಡಕಾಡದೆ ನೇರ ಕಾಗದ ತೆಗೆಯುವುದೇ ಸರಿ.

ಎಲ್ಬೋ ದಾಟಿದ್ದು ಹೇಗೆ?

ಎಲ್ಬೋ ಸಾಲಿನಲ್ಲಿ ತಪ್ಪಿದ್ದು ಪ್ರಮಾಣ. ಕೆಟ್ಟದ್ದು ಮೊದಲ ತಾಳೆ ಮಾತ್ರ. ಆ ದಿನಗಳಲ್ಲಿ ನಾವು ನೋಡುತ್ತಿದ್ದದ್ದು ತೆರಿಗೆ ಸರಿಯಿದೆಯೇ, ಒಟ್ಟು ಸರಿಯಿದೆಯೇ ಎಂಬುದನ್ನು. ಅಂದರೆ ಎರಡನೆಯದು ಮತ್ತು ಮೂರನೆಯದು. ಎಲ್ಬೋ ಸಾಲಿನಲ್ಲಿ ಅವೆರಡೂ ಪೈಸೆ ಪೈಸೆಗೆ ಸರಿಯಾಗಿದ್ದವು.

ಮುಂದೆಯೂ ಅದು ಸಿಗುವ ದಾರಿ ಇರಲಿಲ್ಲ. ಮಾರಿದವರು ತಮ್ಮ ಮಾರಾಟದ ವಿವರ ಸಲ್ಲಿಸಿದ ಮೇಲೆ ಪ್ರತಿ ತಿಂಗಳ 14ಕ್ಕೆ ಕೊಂಡವರಿಗೆ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ಪೋರ್ಟಲಿನಲ್ಲಿ ಸಿದ್ಧವಾಗುತ್ತದೆ. ನಮ್ಮ ಖರೀದಿ ಪುಸ್ತಕವನ್ನು ಅದರೊಂದಿಗೆ ಹೋಲಿಸಿ, ಸರಿಯಿದ್ದರೆ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆಯುತ್ತೇವೆ. ಆ ಪಟ್ಟಿಯಲ್ಲಿ ಬಿಲ್ಲಿನ ಸಂಖ್ಯೆ, ತಾರೀಖು, ಟ್ಯಾಕ್ಸಬಲ್, ತೆರಿಗೆ ಇರುತ್ತವೆ. ಎಷ್ಟು ಎಲ್ಬೋ ಬಂತು ಎಂಬುದು ಇರುವುದಿಲ್ಲ. ಹೀಗೆ ತೆರಿಗೆಯ ಲೆಕ್ಕ ಪೂರ್ತಿ ಸರಿಯಾಗಿದ್ದು ದಾಸ್ತಾನಿನ ಲೆಕ್ಕ ಮಾತ್ರ ಕೆಟ್ಟಿತು. ಅದರ ಹೊರೆ ಬಿದ್ದದ್ದು ರ‍್ಯಾಕಿನ ಮುಂದೆ ನಿಲ್ಲುವ ಹುಡುಗನ ತಲೆಯ ಮೇಲೆ.

ಮೊದಲ ತಾಳೆ ನೋಡಿದ್ದರೆ ಏನಾಗುತ್ತಿತ್ತು? 720ನ್ನು 42.50ರಿಂದ ಗುಣಿಸಿದರೆ 30,600. ಶೇ 10 ವಟ್ಟ ಕಳೆದರೆ 27,540. ಬಿಲ್ಲಿನಲ್ಲಿದ್ದ ಟ್ಯಾಕ್ಸಬಲ್ 4,590. ಒಂದು ಇನ್ನೊಂದರ ಸರಿಯಾಗಿ ಆರರಷ್ಟು. ಎರಡನೆಯ, ಮೂರನೆಯ ತಾಳೆಗಳು ಸರಿಯಿರುವುದರಿಂದ 4,590 ನಂಬಿಕೆಗೆ ಯೋಗ್ಯ. ಹಾಗಾದರೆ ಪ್ರಮಾಣ, ಬೆಲೆ, ವಟ್ಟ ಈ ಮೂರರಲ್ಲಿ ಒಂದು ತಪ್ಪು.

ಯಾವುದು ಎಂದು ತಿಳಿಯಲು ಹಿಂದಿನಿಂದ ಲೆಕ್ಕ ಹಾಕಬೇಕು. ಬೆಲೆ ತಪ್ಪೆಂದು ಹಿಡಿದರೆ ಎಲ್ಬೋ ಒಂದರ ಬೆಲೆ 7.0833 ಎಂದು ಬರುತ್ತದೆ; ಯಾವ ಬೆಲೆಪಟ್ಟಿಯಲ್ಲೂ ಅಂಥ ಬೆಲೆ ಇರದು. ವಟ್ಟ ತಪ್ಪೆಂದು ಹಿಡಿದರೆ ಶೇ 85 ವಟ್ಟ ಬರುತ್ತದೆ. ಅಂಕಿ ಅಚ್ಚುಕಟ್ಟಾಗಿದ್ದರೂ ಶೇ 85 ವಟ್ಟ ಕೊಟ್ಟು ಎಲ್ಬೋ ಮಾರುವವರಿಲ್ಲ. ಪ್ರಮಾಣ ತಪ್ಪೆಂದು ಹಿಡಿದರೆ 120 ಎಂಬ ಪೂರ್ಣಾಂಕ ಬರುತ್ತದೆ, ಓದಿದ 720ಕ್ಕೂ ಅದಕ್ಕೂ ಒಂದೇ ಅಂಕಿಯ ವ್ಯತ್ಯಾಸ. ಇಷ್ಟು ತಿಳಿದ ಮೇಲೆ ಕಾಗದದ ಆ ಮೂಲೆಯನ್ನು ಒಮ್ಮೆ ನೋಡಿ ಖಚಿತ ಮಾಡಿಕೊಂಡರೆ ಮುಗಿಯಿತು.

ವ್ಯತ್ಯಾಸಕ್ಕೂ ಒಂದು ಚಹರೆ ಇದೆ

ಯಂತ್ರ ತಪ್ಪುವ ರೀತಿಗಳು ಹೆಚ್ಚಿಲ್ಲ, ಮತ್ತು ಒಂದೊಂದೂ ತನ್ನದೇ ಬಗೆಯ ವ್ಯತ್ಯಾಸವನ್ನು ಬಿಟ್ಟುಹೋಗುತ್ತದೆ. ಅದನ್ನು ಗುರುತಿಸಲು ಕಲಿತರೆ ಹುಡುಕುವ ಕೆಲಸ ಅರ್ಧ ಮುಗಿದಂತೆ.

ಆಕಾರದಲ್ಲಿ ಹತ್ತಿರವಿರುವ ಅಂಕಿಗಳು ಅದಲುಬದಲಾಗುವುದು ಎಲ್ಲಕ್ಕಿಂತ ಸಾಮಾನ್ಯ. 1 ಮತ್ತು 7, 3 ಮತ್ತು 8, 5 ಮತ್ತು 6, 0 ಮತ್ತು 8. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಮಾಸಿದ ರಿಬ್ಬನ್, ಕಾರ್ಬನ್ ಪ್ರತಿ, ಅಂಕಿಯ ಮೇಲೇ ಬಿದ್ದ ರಬ್ಬರ್ ಸ್ಟಾಂಪು, ಮಡಿಕೆಯ ಗೆರೆ ಇವೆಲ್ಲ ಇದಕ್ಕೆ ಕಾರಣ. ಇಂಥ ತಪ್ಪಿನಲ್ಲಿ ಓದಿದ ಅಂಕಿಗೂ ಇರಬೇಕಾದ ಅಂಕಿಗೂ ಇರುವ ವ್ಯತ್ಯಾಸ 500, 60, 3,000 ಹೀಗೆ ಒಂದೇ ಅಂಕಿಯ ಮುಂದೆ ಸೊನ್ನೆಗಳಿರುವಂಥದ್ದು. ಪೈಪಿನ ಸಾಲಿನಲ್ಲಿ ಬಂದ 500 ಆ ಬಗೆಯದು. ಎಂಟರಿಂದ ಮೂರು ಕಳೆದರೆ ಐದು, ಅದು ನೂರರ ಸ್ಥಾನದಲ್ಲಿ.

ಇನ್ನೊಂದು ತಪ್ಪು ನಮ್ಮ ದೇಶದ ಬಿಲ್ಲುಗಳಲ್ಲೇ ಹೆಚ್ಚು ಕಾಣುವಂಥದ್ದು. ಬೆಲೆಯ ಮುಂದಿರುವ ರೂಪಾಯಿಯ ಚಿಹ್ನೆಯನ್ನೇ ಯಂತ್ರ 7 ಎಂದೋ 2 ಎಂದೋ ಓದಿಬಿಡುತ್ತದೆ. 385 ರೂಪಾಯಿಯ ಪೈಪು 7,385 ಆಗುತ್ತದೆ. ಕಾಲಂ ನಡುವಿನ ಗೆರೆ 1 ಆಗಿ ಅಂಕಿಯ ಮುಂದೆ ಸೇರುವುದೂ ಉಂಟು. ಇಲ್ಲಿ ವ್ಯತ್ಯಾಸ 7,000, 2,000, 1,000 ಎಂದು ಬರುತ್ತದೆ. ಹೆಚ್ಚುವರಿ ಅಂಕಿ ಎಡತುದಿಯಲ್ಲೇ ಇರುತ್ತದೆ.

ಮೂರನೆಯದು ಚುಕ್ಕೆ ಮತ್ತು ಕಾಮಾ. ದಶಾಂಶದ ಚುಕ್ಕೆ ಮಾಸಿದರೆ 385.00 ಎಂಬುದು 38,500 ಆಗುತ್ತದೆ. ಕಾಮಾ ಚುಕ್ಕೆಯಾದರೆ 13,860 ಎಂಬುದು 13.86 ಆಗುತ್ತದೆ. ಇಂಥಲ್ಲಿ ವ್ಯತ್ಯಾಸವನ್ನು ಕಳೆದು ನೋಡಿದರೆ ಏನೂ ತಿಳಿಯದು, ಭಾಗಿಸಿ ನೋಡಬೇಕು. ಒಂದು ಇನ್ನೊಂದರ ಸರಿಯಾಗಿ ನೂರರಷ್ಟೋ ಸಾವಿರದಷ್ಟೋ ಇದ್ದರೆ ತಪ್ಪು ಚುಕ್ಕೆಯದು.

ಕೈಯಿಂದ ಟೈಪ್ ಮಾಡುವವರ ತಪ್ಪು ಬೇರೆ. ಮನುಷ್ಯರ ಕೈಯಲ್ಲಿ ಪಕ್ಕದ ಅಂಕಿಗಳು ಹಿಂದುಮುಂದಾಗುತ್ತವೆ. 4,590 ಎಂಬುದು 4,950 ಆಗುತ್ತದೆ. ಹೀಗಾದಾಗ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಇಲ್ಲಿ 360, ಅಂದರೆ ಒಂಬತ್ತರ ನಲವತ್ತು ಪಟ್ಟು. ಯಂತ್ರ ಓದಿದ್ದನ್ನು ಜನ ತಿದ್ದುವ ಕಚೇರಿಗಳಲ್ಲಿ ಎರಡೂ ಬಗೆಯ ತಪ್ಪು ಇರುವುದರಿಂದ ಈ ಗುರುತು ನೆನಪಿನಲ್ಲಿರಲಿ.

ಪೈಸೆಗೆ ಎಷ್ಟು ಸಲಿಗೆ?

ತಾಳೆ ಪೈಸೆ ಪೈಸೆಗೆ ಬರಬೇಕೆಂದು ಪಟ್ಟು ಹಿಡಿದರೆ ಸರಿಯಾದ ಸಾಲುಗಳಿಗೂ ಕೆಂಪು ಬಣ್ಣ ಬರುತ್ತದೆ. ದಿನಕ್ಕೆ ಐವತ್ತು ಸುಳ್ಳು ಎಚ್ಚರಿಕೆ ಬಂದರೆ ನೋಡುವವರು ಬೇಸತ್ತು ಐವತ್ತೊಂದನೆಯ ನಿಜವಾದದ್ದನ್ನೂ ಒರೆಸಿ ಹಾಕುತ್ತಾರೆ. ಹಾಗೆಂದು 'ಒಂದು ರೂಪಾಯಿ ಆಚೀಚೆ ಇರಲಿ' ಎಂದು ಎಲ್ಲ ಸಾಲಿಗೂ ಒಂದೇ ಅಳತೆ ಇಡುವುದೂ ಸರಿಯಲ್ಲ.

ಪೈಸೆಯ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ನೋಡಿದರೆ ಎಷ್ಟು ಸಲಿಗೆ ಕೊಡಬೇಕೆಂದು ತಿಳಿಯುತ್ತದೆ. ತೆರಿಗೆ ಸೇರಿ 100 ರೂಪಾಯಿಯ ಒಂದು ವಸ್ತು ಇದೆ ಎನ್ನಿ. ಶೇ 18 ತೆರಿಗೆ ಬಿಡಿಸಿದರೆ ಬೆಲೆ 84.745762 ಎಂದು ಮುಂದುವರಿಯುತ್ತದೆ. ಬಿಲ್ಲಿನಲ್ಲಿ ಅಚ್ಚಾಗುವುದು 84.75. ಬಿಲ್ಲು ಮಾಡುವ ತಂತ್ರಾಂಶ ಒಳಗೊಳಗೆ ಪೂರ್ತಿ ಅಂಕಿಯನ್ನೇ ಇಟ್ಟುಕೊಂಡು 120 ನಗಕ್ಕೆ 10,169.49 ಎಂದು ಬರೆಯುತ್ತದೆ. ನಾವು ಅಚ್ಚಾದ ಬೆಲೆಯಿಂದ ಗುಣಿಸಿದರೆ 10,170.00. ವ್ಯತ್ಯಾಸ 51 ಪೈಸೆ. ಯಾರೂ ತಪ್ಪು ಮಾಡಿಲ್ಲ.

ಬೆಲೆಯನ್ನು ಎರಡು ದಶಾಂಶಕ್ಕೆ ಇಳಿಸಿದಾಗ ಒಂದು ನಗಕ್ಕೆ ಹೆಚ್ಚೆಂದರೆ ಅರ್ಧ ಪೈಸೆ ವ್ಯತ್ಯಾಸವಾಗಬಹುದು. ಹಾಗಾಗಿ ಮೊದಲ ತಾಳೆಗೆ ಕೊಡಬೇಕಾದ ಸಲಿಗೆ ನಗಕ್ಕೆ ಅರ್ಧ ಪೈಸೆ. 120 ನಗಕ್ಕೆ 60 ಪೈಸೆ, ಸಾವಿರ ನಗಕ್ಕೆ 5 ರೂಪಾಯಿ, ಮೂರು ನಗಕ್ಕೆ ಒಂದೂವರೆ ಪೈಸೆ. ಮೂರೇ ನಗದ ಸಾಲಿನಲ್ಲಿ 90 ಪೈಸೆ ವ್ಯತ್ಯಾಸ ಕಂಡರೆ ಅದು ದುಂಡಾಗಿಸಿದ್ದರಿಂದ ಬಂದದ್ದಲ್ಲ, ಅಂಕಿಯ ತಪ್ಪೇ. ಎರಡನೆಯ ತಾಳೆಗೆ ಒಂದು ಪೈಸೆ ಸಾಕು, ಏಕೆಂದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡೂ ಅರ್ಧರ್ಧ ಪೈಸೆ ಆಚೀಚೆ ಆಗಬಹುದು. ಮೂರನೆಯದು ಬರಿಯ ಕೂಡುವ ಲೆಕ್ಕ, ಅದಕ್ಕೆ ಸಲಿಗೆ ಬೇಡ. ಪೂರ್ತಿ ರೂಪಾಯಿಗೆ ಸರಿಹೊಂದಿಸುವುದು ಬಿಲ್ಲಿನ ಅಡಿಯ 'ರೌಂಡ್ ಆಫ್' ಸಾಲಿನಲ್ಲಿ. ಅಲ್ಲಿ 50 ಪೈಸೆಗಿಂತ ಹೆಚ್ಚಿದ್ದರೆ ಆ ಸಾಲನ್ನೇ ಅನುಮಾನಿಸಬೇಕು.

ಎಕ್ಸೆಲ್ ಹಾಳೆಯಲ್ಲಿ ಇದನ್ನು ಮಾಡಲು ಮೂರು ಸೂತ್ರ ಸಾಕು. ಬಿ ಕಾಲಂನಲ್ಲಿ ಪ್ರಮಾಣ, ಸಿ ಬೆಲೆ, ಡಿ ಶೇಕಡಾ ವಟ್ಟ, ಇ ಟ್ಯಾಕ್ಸಬಲ್, ಎಫ್ ತೆರಿಗೆಯ ಪೂರ್ತಿ ದರ, ಜಿ ಪೂರ್ತಿ ತೆರಿಗೆ, ಎಚ್ ಸಾಲಿನ ಒಟ್ಟು ಎಂದಿಟ್ಟುಕೊಂಡರೆ:

```
=ROUND(B2*C2*(1-D2/100)-E2, 2)
=ROUND(E2*F2/100-G2, 2)
=ROUND(E2+G2-H2, 2)
```

ಮೂರೂ ಸೊನ್ನೆ ಅಥವಾ ಸಲಿಗೆಯೊಳಗೆ ಬಂದರೆ ಸಾಲು ಸರಿ. ಇಲ್ಲದಿದ್ದರೆ ಮೂರರಲ್ಲಿ ಯಾವುದು ತಪ್ಪಿದೆ ಎಂಬುದೇ ಮುಂದಿನ ದಾರಿ ತೋರಿಸುತ್ತದೆ.

ಓದಿದ್ದು ಸರಿ, ತಾಳೆ ಮಾತ್ರ ಇಲ್ಲ

ಕೆಲವು ಸಲ ಅಂಕಿಗಳೆಲ್ಲ ಸರಿಯಾಗಿ ಓದಿದ್ದರೂ ಮೊದಲ ತಾಳೆ ತಪ್ಪುತ್ತದೆ. ಬಿಲ್ಲು ಬರೆಯುವ ಪದ್ಧತಿ ಬೇರೆಯಾಗಿರುವುದು ಅದಕ್ಕೆ ಕಾರಣ, ಮತ್ತು ಅದೂ ವ್ಯತ್ಯಾಸದಲ್ಲೇ ಕಾಣುತ್ತದೆ. ಕೆಲವು ಬಿಲ್ಲುಗಳಲ್ಲಿ ತೆರಿಗೆ ಸೇರಿದ ಬೆಲೆ, ಸೇರದ ಬೆಲೆ ಎಂದು ಎರಡು ಕಾಲಂ ಇರುತ್ತವೆ. ಯಂತ್ರ ಸೇರಿದ ಬೆಲೆಯನ್ನು ಎತ್ತಿಕೊಂಡರೆ ನಮ್ಮ ಲೆಕ್ಕ ಟ್ಯಾಕ್ಸಬಲ್‌ನ 1.18 ಪಟ್ಟು ಬರುತ್ತದೆ. ಹನ್ನೆರಡು ಪಟ್ಟು ಬಂದರೆ ಬೆಲೆ ಡಜನ್‌ಗೆ, ಪ್ರಮಾಣ ಬಿಡಿ ನಗದಲ್ಲಿ ಎಂದು ತಿಳಿಯಬೇಕು.

ವಟ್ಟದ ಜಾಗದಲ್ಲಿ '10+5' ಎಂದಿದ್ದರೆ ಅದು ಶೇ 15 ಅಲ್ಲ. ಮೊದಲು ಶೇ 10 ಕಳೆದು, ಉಳಿದದ್ದರಲ್ಲಿ ಶೇ 5 ಕಳೆಯಬೇಕು. ನೂರು ರೂಪಾಯಿ ಮೊದಲು 90 ಆಗಿ, ಆಮೇಲೆ 85.50 ಆಗುತ್ತದೆ. ಔಷಧಿ ಸಗಟು ವ್ಯಾಪಾರಿಗಳ ಬಿಲ್ಲಿನಲ್ಲಿ ಪ್ರಮಾಣದ ಜಾಗದಲ್ಲೇ '10+1' ಇರುತ್ತದೆ. ಒಂದು ಉಚಿತ, ಹಣದ ಲೆಕ್ಕಕ್ಕೆ ಹತ್ತು, ದಾಸ್ತಾನಿಗೆ ಹನ್ನೊಂದು. ಒಬ್ಬ ಸರಬರಾಜುದಾರರ ಎಲ್ಲ ಸಾಲುಗಳೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಅಂಕಿ ತಿದ್ದಲು ಹೋಗಬಾರದು. ಅವರ ಬಿಲ್ಲಿನ ಪದ್ಧತಿಯನ್ನು ಒಮ್ಮೆ ಅರ್ಥ ಮಾಡಿಕೊಂಡು ಸೂತ್ರವನ್ನು ಅದಕ್ಕೆ ಹೊಂದಿಸಬೇಕು.

ತಾಳೆ ಇದೆ, ಆದರೂ ತಪ್ಪು

ಇದರ ತಿರುವುಮುರುವು ಹೆಚ್ಚು ಅಪಾಯದ್ದು. ಸಾಲುಗಳೆಲ್ಲ ಹಸಿರು, ಆದರೂ ಲೆಕ್ಕ ತಪ್ಪು.

ಯಂತ್ರ ಒಂದು ಸಾಲನ್ನೇ ಬಿಟ್ಟುಬಿಟ್ಟರೆ ಉಳಿದ ಸಾಲುಗಳ ತಾಳೆಗೆ ಏನೂ ಆಗದು. ಪುಟ ತಿರುಗುವ ಜಾಗದಲ್ಲಿ ಹೀಗಾಗುವುದು ಹೆಚ್ಚು. ಅದಕ್ಕೇ ಸಾಲುಗಳನ್ನು ಅಡ್ಡಡ್ಡ ನೋಡಿದ ಮೇಲೆ ಕಾಲಂಗಳನ್ನು ಉದ್ದಕ್ಕೂ ಕೂಡಬೇಕು. ನಮ್ಮ ಬಿಲ್ಲಿನಲ್ಲಿ ಟ್ಯಾಕ್ಸಬಲ್ ಕಾಲಂ ಕೂಡಿದರೆ 23,050, ತೆರಿಗೆ 3,551, ಎರಡೂ ಸೇರಿ 26,601. ಅಡಿಯಲ್ಲಿ ಮೊತ್ತವನ್ನು ಅಕ್ಷರದಲ್ಲೂ ಬರೆದಿರುತ್ತಾರೆ. ಅಂಕಿಯಲ್ಲಿ 1 ಏಳಾಗಬಹುದು. ಅಕ್ಷರದಲ್ಲಿ ಬರೆದ 'ಒನ್' ಮಾಸಿದರೂ 'ಸೆವೆನ್' ಆಗದು. ಆದ್ದರಿಂದ ಆ ಅಕ್ಷರದ ಸಾಲನ್ನು ಓದಿಸಿ ಅಂಕಿಗೆ ತಿರುಗಿಸಿ ಹೋಲಿಸುವುದು ಒಳ್ಳೆಯ ತಾಳೆ.

ಬಹಳಷ್ಟು ಬಿಲ್ಲುಗಳಲ್ಲಿ ಸಾಲು ಸಾಲಿಗೆ ತೆರಿಗೆ ಇರುವುದೇ ಇಲ್ಲ. ಪ್ರಮಾಣ, ಬೆಲೆ, ಮೊತ್ತ ಮಾತ್ರ ಇದ್ದು, ತೆರಿಗೆಯೆಲ್ಲ ಅಡಿಯಲ್ಲಿ ಎಚ್‌ಎಸ್‌ಎನ್ ಸಂಕೇತದ ಪ್ರಕಾರ ಒಂದು ಪುಟ್ಟ ಕೋಷ್ಟಕದಲ್ಲಿರುತ್ತದೆ. ಆಗ ಸಾಲಿಗೆ ಮೊದಲ ತಾಳೆ ಮಾತ್ರ ಸಿಗುತ್ತದೆ. ಒಂದೇ ಸಂಕೇತದ ಸಾಲುಗಳನ್ನು ಗುಂಪು ಮಾಡಿ ಕೂಡಿ, ಆ ಮೊತ್ತಕ್ಕೆ ಉಳಿದೆರಡು ತಾಳೆಗಳನ್ನು ಕೋಷ್ಟಕದ ಸಾಲಿನಲ್ಲಿ ನೋಡಬೇಕು. ಪಿವಿಸಿ ಪೈಪು ಮತ್ತು ಎಲ್ಬೋ ಎರಡೂ 3917ರಲ್ಲಿ ಬರುವುದರಿಂದ ಅವೆರಡೂ ಸೇರಿ ಅಲ್ಲಿ 18,450 ಇರಬೇಕು.

ಇನ್ನೊಂದು ತೊಡಕು ನಮ್ಮ ಕೈಯಾರೆ ಬರುವಂಥದ್ದು. ಕೆಲವು ತಂತ್ರಾಂಶಗಳು ಓದಲಾಗದ ಜಾಗವನ್ನು ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ತುಂಬುತ್ತವೆ. ಟ್ಯಾಕ್ಸಬಲ್ ತಪ್ಪಾಗಿ ಓದಿ, ತೆರಿಗೆಯನ್ನು ಅದರಿಂದಲೇ ಲೆಕ್ಕ ಹಾಕಿ ತುಂಬಿದರೆ ತಾಳೆ ಆಗಿಯೇ ಆಗುತ್ತದೆ. ಅದು ಸಾಕ್ಷಿಯಲ್ಲ, ಒಬ್ಬನೇ ಎರಡು ಸಲ ಹೇಳಿದ ಮಾತು. ತಾಳೆಗೆ ಬೆಲೆ ಇರುವುದು ಪ್ರತಿ ಅಂಕಿಯನ್ನೂ ಕಾಗದದಿಂದ ಬೇರೆ ಬೇರೆಯಾಗಿ ಓದಿದ್ದಾಗ ಮಾತ್ರ. ತುಂಬಿದ ಅಂಕಿಗಳಿಗೆ ಬೇರೆ ಬಣ್ಣ ಕೊಟ್ಟು, ಆ ಸಾಲನ್ನು ಕಣ್ಣಿನಿಂದಲೇ ನೋಡಬೇಕು.

ಕೊನೆಯ ಮಿತಿ ಎಂದರೆ, ತಾಳೆ ಕಾಗದವನ್ನು ಸರಿಯಾಗಿ ಓದಿದ್ದೇವೆಯೇ ಎಂದು ಮಾತ್ರ ಹೇಳುತ್ತದೆ, ಕಾಗದವೇ ಸರಿಯೇ ಎಂದು ಹೇಳುವುದಿಲ್ಲ. ಸ್ಪ್ರಿಂಕ್ಲರ್‌ಗೆ 2025ರ ಸೆಪ್ಟೆಂಬರ್ 21ರವರೆಗೆ ಶೇ 12 ತೆರಿಗೆ ಇತ್ತು, ಮರುದಿನದಿಂದ ಶೇ 5. ನವೆಂಬರ್ ಬಿಲ್ಲಿನಲ್ಲಿ ಯಾರಾದರೂ ಹಳೆಯ ಶೇ 12ನ್ನೇ ಹಾಕಿದ್ದರೆ ಮೂರು ತಾಳೆಗಳೂ ಸರಿ ಬರುತ್ತವೆ. ಸರಕು, ತಾರೀಖು, ದರ ಮೂರನ್ನೂ ಸೇರಿಸಿ ನೋಡಿದರೆ ಮಾತ್ರ ಅದು ಸಿಗುತ್ತದೆ.

ಹಾಗೆ ಕಾಗದದಲ್ಲೇ ತಪ್ಪಿದ್ದರೆ ನಾವು ತಿದ್ದಬಾರದು. ಕಾಗದದಲ್ಲಿದ್ದಂತೆಯೇ ಇಟ್ಟು, ಗುರುತು ಹಾಕಿ, ಮಾರಿದವರಿಗೆ ತಿಳಿಸಬೇಕು. ಹೆಚ್ಚು ತೆರಿಗೆ ಹಾಕಿದ್ದರೆ ಅವರು ಕ್ರೆಡಿಟ್ ನೋಟ್ ಕೊಡಬೇಕು, ಕಡಿಮೆ ಹಾಕಿದ್ದರೆ ಡೆಬಿಟ್ ನೋಟ್. ನಮ್ಮಷ್ಟಕ್ಕೆ ನಾವು ಸರಿಮಾಡಿಕೊಂಡರೆ ಅವರು ಸಲ್ಲಿಸಿದ ಲೆಕ್ಕ ಒಂದು, ನಮ್ಮದು ಇನ್ನೊಂದು ಆಗಿ 14ರ ಪಟ್ಟಿಯಲ್ಲಿ ಹೊಂದಿಕೆಯಾಗದೆ ಉಳಿಯುತ್ತದೆ. ಹಾಗಾಗಿ ಲೆಕ್ಕ ಎಷ್ಟೇ ಸ್ಪಷ್ಟವಾಗಿ 13,860 ಎಂದರೂ ಬದಲಾಯಿಸುವ ಮೊದಲು ಕಾಗದದ ಆ ಅಂಕಿಯನ್ನು ಒಮ್ಮೆ ನೋಡುವುದು ನಮ್ಮ ನಿಯಮ.

ಅಂದು ಸಾಹುಕಾರರ ಮುಂದೆ ಎರಡನ್ನೂ ಇಟ್ಟೆವು. ಎಡಕ್ಕೆ ಬಿಲ್ಲು, ಬಲಕ್ಕೆ ನಮ್ಮ ಹಾಳೆ. ತಪ್ಪು ನಮ್ಮ ಕಚೇರಿಯದು ಎಂದು ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಕ್ಯಾಲ್ಕುಲೇಟರ್ ಕೇಳಿ ಪಡೆದು, 120, 42.50, ಹತ್ತು ಪರ್ಸೆಂಟ್ ಎಂದು ತಾವೇ ಒತ್ತಿದರು. 4,590 ಬಂತು. ಇನ್ನೊಮ್ಮೆ ಒತ್ತಿದರು. ಆಮೇಲೆ ಫೋನ್ ತೆಗೆದು ಅಂಗಡಿಗೆ ಮಾಡಿದರು.

"ಲೇ ತಮ್ಮ, ಎಲ್ಬೋ ಲೆಕ್ಕ ಸಿಕ್ತು. ಬಿಲ್ಲಿನಾಗೆ ತಪ್ಪು ಓದಿದ್ರಂತೆ. ನಿಂದೇನೂ ಇಲ್ಲ."

ಆ ಸಂಜೆಯೇ ನಮ್ಮ ಹಾಳೆಗೆ ಮೊದಲ ತಾಳೆಯ ಕಾಲಂ ಸೇರಿಸಿ, ಏಪ್ರಿಲ್‌ನಿಂದ ಬಂದ ಹಳೆಯ ಬಿಲ್ಲುಗಳ ಮೇಲೂ ಅದನ್ನು ಓಡಿಸಲು ಶುರು ಮಾಡಿದೆವು.